9 ಗಂಟೆಯ 3ಡಿ ಪ್ರಿಂಟ್‌ಗೆ ಎಷ್ಟು ಕರೆಂಟ್ ಖರ್ಚು?

ಪ್ರಶ್ನೆ: ಮನೆಯಲ್ಲಿ ಎಂಡರ್ 3 ಪ್ರಿಂಟರ್ ಇದೆ. ಪವರ್ ಸಪ್ಲೈ ಮೇಲೆ 350 ವಾಟ್ ಎಂದು ಬರೆದಿದೆ. 9 ಗಂಟೆ ಹಿಡಿಯುವ ಪ್ರಿಂಟ್‌ಗೆ 350 ಅನ್ನು 9ರಿಂದ ಗುಣಿಸಿದರೆ ಮೂರು ಯೂನಿಟ್ ದಾಟುತ್ತದೆ. ನನ್ನ ಗೆಳೆಯ ಒಂದೇ ಯೂನಿಟ್ ಅನ್ನುತ್ತಾನೆ. ಬೆಡ್ ಕಾಯುವ ಸಮಯವನ್ನು ಹೇಗೆ ಸೇರಿಸಬೇಕು? ಪರಿಚಯದವರಿಗೆ ಮಾಡಿಕೊಡುವಾಗ ಕರೆಂಟಿಗೆಂದು ಎಷ್ಟು ಹಿಡಿಯಲಿ?

ಉತ್ತರ: ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಿದ್ದರೆ ನಿಮ್ಮ ಗೆಳೆಯರ ಲೆಕ್ಕವೇ ಸರಿ. ಎಬಿಎಸ್‌ನಲ್ಲಾದರೆ ಇಬ್ಬರ ಲೆಕ್ಕಕ್ಕೂ ನಡುವೆ, ಎರಡು ಯೂನಿಟ್ ಹತ್ತಿರ ಬರುತ್ತದೆ.

ಪವರ್ ಸಪ್ಲೈ ಮೇಲಿನ 350 ವಾಟ್ ಎಂಬುದು ಆ ಡಬ್ಬಿ ಕೊಡಬಲ್ಲ ಗರಿಷ್ಠ. ಪ್ರಿಂಟರ್ ಸದಾ ಅಷ್ಟನ್ನು ಎಳೆಯುವುದಿಲ್ಲ. ಈ ಯಂತ್ರದಲ್ಲಿ ಕರೆಂಟ್ ಎಳೆಯುವ ದೊಡ್ಡ ಭಾಗ ಪ್ರಿಂಟ್ ಕೂರುವ ಬಿಸಿ ತಟ್ಟೆ, ಅಂದರೆ ಬೆಡ್. ಅದೊಂದೇ 220 ವಾಟ್‌ನಷ್ಟು. ನಾಜಲ್ ಕಾಯಿಸುವ ಹೀಟರ್ 40 ವಾಟ್. ಮೋಟಾರು, ಫ್ಯಾನು, ಬೋರ್ಡು ಎಲ್ಲ ಸೇರಿ ಇಪ್ಪತ್ತೈದು ವಾಟ್ ಆಸುಪಾಸು. ಎಲ್ಲವೂ ಒಟ್ಟಿಗೆ ಪೂರ್ತಿ ಉರಿಯುವುದು ಆರಂಭದ ಕೆಲವು ನಿಮಿಷ ಮಾತ್ರ. ಬೆಡ್ 60 ಡಿಗ್ರಿ ಮುಟ್ಟಿದ ಮೇಲೆ ಅದಕ್ಕಿರುವ ಕೆಲಸ ಗಾಳಿಗೆ ಹೋದ ಶಾಖವನ್ನು ತುಂಬಿಕೊಡುವುದಷ್ಟೆ. ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪ ಹತ್ತಿ ಆರುವಂತೆ ಬೆಡ್ ಕೂಡ ಆಗಾಗ ಉರಿದು ಆರುತ್ತಿರುತ್ತದೆ. ಹೀಗೆ ಉರಿಯುವ ಸಮಯ ಪಿಎಲ್‌ಎಗೆ ಒಟ್ಟು ಅವಧಿಯ ಕಾಲು ಭಾಗ ಇದ್ದೀತು.

ಇದನ್ನು ಪರಿಶೀಲಿಸಿ ನೋಡಬಹುದು. ನಿಮ್ಮ ಬೆಡ್ 235 ಮಿ.ಮೀ. ಚೌಕ. ಕೋಣೆ 25 ಡಿಗ್ರಿ, ಬೆಡ್ 60 ಡಿಗ್ರಿ ಇದ್ದರೆ ಅಂತರ 35 ಡಿಗ್ರಿ. ಇಷ್ಟು ದೊಡ್ಡ ಬಿಸಿ ತಟ್ಟೆ ನಿಶ್ಚಲ ಗಾಳಿಯಲ್ಲಿ ಮೇಲಿನಿಂದ 20 ವಾಟ್ ಹತ್ತಿರ, ಕೆಳಗಿನಿಂದಲೂ ಹೆಚ್ಚುಕಡಿಮೆ ಅಷ್ಟೇ ಶಾಖ ಬಿಟ್ಟುಕೊಡುತ್ತದೆ. ಬೆಡ್ ಹಿಂದೆ ಮುಂದೆ ಓಡಾಡುವುದರಿಂದ, ಜೊತೆಗೆ ಪ್ರಿಂಟ್ ತಣಿಸುವ ಫ್ಯಾನಿನ ಗಾಳಿ ಬೀಳುವುದರಿಂದ ಇದು 50-55 ವಾಟ್‌ಗೆ ಏರುತ್ತದೆ. ನಾಜಲನ್ನು 200 ಡಿಗ್ರಿಯಲ್ಲಿ ಹಿಡಿದಿಡಲು ಸರಾಸರಿ 20 ವಾಟ್ ಮೇಲೆ ಬೇಕು. ಉಳಿದದ್ದು 25. ಒಟ್ಟು 100 ವಾಟ್. ಗೋಡೆಯ 230 ವೋಲ್ಟನ್ನು 24 ವೋಲ್ಟ್‌ಗೆ ಇಳಿಸುವಾಗ ಪವರ್ ಸಪ್ಲೈ ಒಂದಿಷ್ಟನ್ನು ಶಾಖವಾಗಿ ಕಳೆಯುತ್ತದೆ. ಹಾಗಾಗಿ ಪ್ಲಗ್ಗಿನಲ್ಲಿ ಅಳೆದರೆ ಸಿಗುವುದು 110ರಿಂದ 120 ವಾಟ್. ಈ ಉತ್ತರದುದ್ದಕ್ಕೂ ನಾನು 115 ಹಿಡಿಯುತ್ತೇನೆ.

ಡಬ್ಬಿಯ ಮೇಲಿನ ಅಂಕಿ ದೊಡ್ಡದಾದ ಮಾತ್ರಕ್ಕೆ ಖರ್ಚು ದೊಡ್ಡದಾಗುವುದಿಲ್ಲ. ಬ್ಯಾಂಬೂ ಲ್ಯಾಬ್‌ನ ಪಿ1ಎಸ್‌ಗೆ 220 ವೋಲ್ಟ್‌ನಲ್ಲಿ 1000 ವಾಟ್ ಗರಿಷ್ಠ ಎಂದಿದೆ. ಅದರ ಬೆಡ್ ನೇರ ಗೋಡೆಯ ಕರೆಂಟಿನಿಂದ ಕಾಯುತ್ತದೆ, ಬೇಗ ಕಾಯುತ್ತದೆ. ಕಾದಾದ ಮೇಲೆ ಪಿಎಲ್‌ಎಗೆ ಅದರ ಸರಾಸರಿಯೂ ನೂರು ವಾಟ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಗಾಳಿಗೆ ಹೋಗುವ ಶಾಖ ಬೆಡ್ಡಿನ ಅಗಲ ಮತ್ತು ತಾಪ ನೋಡಿ ಹೋಗುತ್ತದೆ, ಹೀಟರ್ ಎಷ್ಟು ವಾಟಿನದು ಎಂದು ನೋಡಿ ಅಲ್ಲ.

ಆದ್ದರಿಂದ ಲೆಕ್ಕವನ್ನು ಎರಡು ತುಂಡು ಮಾಡಿ. ಕಾಯಿಸುವ ನಿಮಿಷಗಳಿಗೆ ಪೂರ್ತಿ ವಾಟ್, ಪ್ರಿಂಟ್ ನಡೆಯುವ ಗಂಟೆಗಳಿಗೆ ಸರಾಸರಿ ವಾಟ್.

```
ಯೂನಿಟ್ = (ಕಾಯಿಸುವ ವಾಟ್ × ನಿಮಿಷ ÷ 60 + ಸರಾಸರಿ ವಾಟ್ × ಗಂಟೆ) ÷ 1000
ಖರ್ಚು = ಯೂನಿಟ್ × ಒಂದು ಯೂನಿಟ್ಟಿನ ದರ
```

ನಿಮ್ಮ 9 ಗಂಟೆಯ ಪ್ರಿಂಟ್ ತೆಗೆದುಕೊಳ್ಳೋಣ. ಬೆಡ್ 60, ನಾಜಲ್ 200 ಮುಟ್ಟಲು 5 ನಿಮಿಷ ಹಿಡಿಯಿತು, ಆಗ ಪ್ಲಗ್ಗಿನಲ್ಲಿ 290 ವಾಟ್ ಎನ್ನೋಣ. ಅದು 0.024 ಯೂನಿಟ್. ಆಮೇಲಿನ 9 ಗಂಟೆಗೆ 115 ವಾಟ್‌ನಂತೆ 1.035 ಯೂನಿಟ್. ಒಟ್ಟು 1.06. ಕಾಯಿಸುವ ಪಾಲು ಶೇಕಡಾ ಎರಡೂವರೆಯೂ ಇಲ್ಲ. ಉದ್ದದ ಪ್ರಿಂಟ್‌ಗಳಲ್ಲಿ ಅದನ್ನು ಬಿಟ್ಟೇ ಬಿಟ್ಟರೂ ನಡೆಯುತ್ತದೆ.

ಚಿಕ್ಕ ಪ್ರಿಂಟ್‌ಗಳಲ್ಲಿ ಹಾಗಲ್ಲ. 20 ನಿಮಿಷದ ಒಂದು ಕೀ ಚೈನ್ ಎಂದರೆ ಪ್ರಿಂಟ್‌ಗೆ 0.038 ಯೂನಿಟ್, ಕಾಯಿಸಲು ಅದೇ 0.024. ಅಂದರೆ ಐದರಲ್ಲಿ ಎರಡು ಪಾಲು ಬರೀ ಕಾಯಿಸುವುದಕ್ಕೇ ಹೋಯಿತು. ಹತ್ತು ಕೀ ಚೈನ್ ಬೇಕಿದ್ದರೆ ದಿನಕ್ಕೊಂದರಂತೆ ಮಾಡದೆ ಒಂದೇ ಬೆಡ್ ಮೇಲೆ ಜೋಡಿಸಿಡಿ. ಬಿಸಿ ಆರುವ ಮುಂಚೆ ಒಂದರ ಹಿಂದೊಂದು ಮಾಡಿದರೂ ಆದೀತು, ಆಗ ಎರಡನೆಯದಕ್ಕೆ ಕಾಯಿಸುವ ಹೊತ್ತು ತೀರ ಕಡಿಮೆ.

ಎಬಿಎಸ್ ವಿಷಯ ಬೇರೆ. ಬೆಡ್ಡನ್ನು 100 ಡಿಗ್ರಿಯಲ್ಲಿ ಇಡುವಾಗ ಕೋಣೆಗೂ ಅದಕ್ಕೂ ಇರುವ ಅಂತರ ಎರಡು ಪಟ್ಟು ಮೀರುತ್ತದೆ, ನಷ್ಟವೂ ಅದರ ಜೊತೆಗೇ ಏರುತ್ತದೆ. ತೆರೆದ ಎಂಡರ್‌ನಲ್ಲಿ ಕಾಯಲು 10-12 ನಿಮಿಷ ಬೇಕು, ಕೊನೆಯ ಹತ್ತು ಡಿಗ್ರಿ ತೆವಳಿಕೊಂಡು ಏರುತ್ತದೆ. ಆಮೇಲಿನ ಸರಾಸರಿ 200 ವಾಟ್ ದಾಟುತ್ತದೆ. 12 ನಿಮಿಷಕ್ಕೆ 290 ವಾಟ್, 9 ಗಂಟೆಗೆ 210 ವಾಟ್ ಎಂದು ಹಿಡಿದರೆ 1.95 ಯೂನಿಟ್. ಎಬಿಎಸ್‌ಗೆ ಹೇಗೂ ಗಾಳಿಯಾಡದ ಗೂಡು ಬೇಕು, ಇಲ್ಲದಿದ್ದರೆ ಮೂಲೆಗಳು ಎದ್ದುಬಿಡುತ್ತವೆ. ಅದೇ ಗೂಡು ಬೆಡ್ಡಿನ ಶಾಖವನ್ನೂ ಉಳಿಸುತ್ತದೆ. ಪಿಎಲ್‌ಎಗೆ ಮಾತ್ರ ಗೂಡು ಮುಚ್ಚಬೇಡಿ. ಒಳಗಿನ ಗಾಳಿ ಬಿಸಿಯಾದರೆ ಫಿಲಮೆಂಟ್ ನಾಜಲ್ ತಲುಪುವ ಮುಂಚೆಯೇ ಮೆತ್ತಗಾಗಿ ಕಟ್ಟಿಕೊಳ್ಳುತ್ತದೆ. ಪಿಎಲ್‌ಎಯಲ್ಲಿ ಬೆಡ್ಡಿನ ಖರ್ಚು ಇಳಿಸಬೇಕೆಂದರೆ ಪ್ರಿಂಟರ್ ಮೇಲೆ ಸೀಲಿಂಗ್ ಫ್ಯಾನ್ ತಿರುಗದಂತೆ ನೋಡಿಕೊಳ್ಳಿ, ಬೆಡ್ಡಿನ ತಳಕ್ಕೆ ಶಾಖ ತಡೆಯುವ ಹಾಳೆ ಅಂಟಿಸಿ. ಮಾದರಿಯನ್ನು ಪದರಗಳಾಗಿ ಸೀಳುವ ಸ್ಲೈಸರ್ ತಂತ್ರಾಂಶ ಕುರಾದಲ್ಲಿ Build Plate Temperature Initial Layer 60 ಇಟ್ಟು ಉಳಿದ ಪದರಗಳಿಗೆ ಬೆಡ್ ತಾಪವನ್ನು 50ಕ್ಕೆ ಇಳಿಸಿದರೆ ಪ್ರಿಂಟ್ ಹಿಡಿದುಕೊಂಡೇ ಇರುತ್ತದೆಯೇ ಎಂದು ನೋಡಬಹುದು. ತಳ ಅಗಲವಿರುವ, ಗಿಡ್ಡ ವಸ್ತುಗಳಿಗೆ ಬಹುಮಟ್ಟಿಗೆ ಹಿಡಿದಿರುತ್ತದೆ.

ಈವರೆಗಿನ 115, 210 ಎಂಬವು ಈ ಜಾತಿಯ ಪ್ರಿಂಟರಿಗೆ ಹೊಂದುವ ಅಂದಾಜು. ನಿಮ್ಮ ಯಂತ್ರದ, ನಿಮ್ಮ ಕೋಣೆಯ ಅಂಕಿ ಬೇಕಿದ್ದರೆ ಒಮ್ಮೆ ಅಳೆಯಲೇಬೇಕು. ಯೂನಿಟ್ ತೋರಿಸುವ ಪ್ಲಗ್ ಮೀಟರೋ ಸ್ಮಾರ್ಟ್ ಪ್ಲಗ್ಗೋ ಇದ್ದರೆ ಕೆಲಸ ಸುಲಭ, ಆದರೆ ಹೆಚ್ಚಿನವರು ಅಲ್ಲೇ ಎಡವುತ್ತಾರೆ. ಅದರ ವಾಟ್ ಅಂಕಿಯನ್ನು ಕಣ್ಣಲ್ಲಿ ನೋಡಿ ಬರೆದುಕೊಳ್ಳಬಾರದು. ಬೆಡ್ ಆರಿದ ಕ್ಷಣ ನೋಡಿದವರಿಗೆ 60 ಕಾಣುತ್ತದೆ, ಹತ್ತಿದ ಕ್ಷಣ ನೋಡಿದವರಿಗೆ 290, ಎರಡೂ ಸರಾಸರಿಯಲ್ಲ. ಪ್ರಿಂಟ್ ಶುರುವಾಗುವ ಮುಂಚೆ ಮೀಟರನ್ನು ಸೊನ್ನೆಗೆ ತಂದು, ಮುಗಿದ ಮೇಲೆ ಅದರ kWh ಅಂಕಿಯನ್ನು ಓದಿ, ಗಂಟೆಗಳಿಂದ ಭಾಗಿಸಿ. ಹಲವು ಮೀಟರುಗಳು 0.01 ಯೂನಿಟ್‌ಗಿಂತ ಸಣ್ಣದನ್ನು ತೋರಿಸುವುದಿಲ್ಲ, ಆದ್ದರಿಂದ ಅಳೆಯಲು ಮೂರು ನಾಲ್ಕು ಗಂಟೆಯ ಪ್ರಿಂಟನ್ನೇ ಆರಿಸಿ.

ಪ್ಲಗ್ ಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಮನೆಯ ಕರೆಂಟ್ ಮೀಟರಿನ ಮುಖದಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲೇ 3200 imp/kWh ಅಥವಾ 1600 imp/kWh ಎಂದು ಬರೆದಿರುತ್ತದೆ. 3200 ಎಂದಿದ್ದರೆ ದೀಪ 3200 ಬಾರಿ ಮಿಣುಕಿದಾಗ ಒಂದು ಯೂನಿಟ್ ಆಯಿತು ಎಂದರ್ಥ. ಫ್ರಿಜ್, ಫ್ಯಾನು, ದೀಪ, ಚಾರ್ಜರ್ ಎಲ್ಲ ಆರಿಸಿ ಪ್ರಿಂಟರ್ ಒಂದನ್ನೇ ಓಡಿಸಿ. ಮೊದಲು ಅದನ್ನೂ ಆರಿಸಿ ದೀಪ ಮಿಣುಕುವುದು ನಿಂತಿದೆಯೇ ನೋಡಿಕೊಳ್ಳಿ. ನಿಲ್ಲದಿದ್ದರೆ ಎಲ್ಲೋ ಏನೋ ಉರಿಯುತ್ತಿದೆ. ಬೆಡ್ ಕಾಯುತ್ತಿರುವಾಗ ಮೀಟರ್ ಎದುರು ನಿಂತರೆ ನಾಲ್ಕು ಸೆಕೆಂಡಿಗೊಮ್ಮೆ ಮಿಣುಕುವುದು ಕಾಣುತ್ತದೆ. ಬಿಸಿ ಮುಟ್ಟಿ ಪ್ರಿಂಟ್ ಶುರುವಾದ ಮೇಲೆ ಲಯ ಒಡೆಯುತ್ತದೆ. ಬೆಡ್ ಆರಿದಾಗ ಇಪ್ಪತ್ತು ಸೆಕೆಂಡ್ ಹತ್ತಿರ ಸುಮ್ಮನಿರುತ್ತದೆ, ಹತ್ತಿದಾಗ ಮತ್ತೆ ಚುರುಕಾಗುತ್ತದೆ. ಹತ್ತು ನಿಮಿಷ ಎಣಿಸಿ, ಬಂದ ಸಂಖ್ಯೆಯನ್ನು ಆರರಿಂದ ಗುಣಿಸಿ 3.2ರಿಂದ ಭಾಗಿಸಿದರೆ ಸರಾಸರಿ ವಾಟ್ ಸಿಗುತ್ತದೆ. 61 ಬಾರಿ ಮಿಣುಕಿದರೆ 114 ವಾಟ್. 1600ರ ಮೀಟರಾದರೆ 1.6ರಿಂದ ಭಾಗಿಸಿ, ಎಣಿಕೆಯನ್ನು 20 ನಿಮಿಷ ನಡೆಸಿ ಮೂರರಿಂದ ಗುಣಿಸಿ. ಮೊದಲ ಪದರ ಮುಗಿದ ಮೇಲೆ ಎಣಿಸುವುದು ಒಳ್ಳೆಯದು, ಮೊದಲ ಪದರದಲ್ಲಿ ಸಾಮಾನ್ಯವಾಗಿ ತಣಿಸುವ ಫ್ಯಾನ್ ಓಡುವುದಿಲ್ಲ.

ಗಂಟೆಗಳ ಅಂಕಿಯನ್ನು ಸ್ಲೈಸರಿನಿಂದ ತೆಗೆದುಕೊಳ್ಳುವವರು ಒಂದು ಮಾತು ಗಮನಿಸಿ. ಪ್ರಿಂಟರಿನ ವೇಗವರ್ಧನೆಯ ಮಿತಿಗಳನ್ನು ಸ್ಲೈಸರಿಗೆ ಸರಿಯಾಗಿ ಹೇಳಿರದಿದ್ದರೆ ಅದು ಕೊಡುವ ಸಮಯ ನಿಜಕ್ಕಿಂತ ಕಡಿಮೆ ಇರುತ್ತದೆ. ಸಣ್ಣ ಸಣ್ಣ ತಿರುವುಗಳಿರುವ ಮಾದರಿಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಮುಗಿದ ಮೇಲೆ ಪ್ರಿಂಟರಿನ ಪರದೆಯಲ್ಲಿ ಕಾಣುವ ಸಮಯವೇ ನಂಬಲರ್ಹ. ಆ ಸಮಯದಲ್ಲಿ ಕಾಯಿಸಿದ ನಿಮಿಷಗಳೂ ಸಾಮಾನ್ಯವಾಗಿ ಸೇರಿರುತ್ತವೆ, ಚಿಕ್ಕ ಪ್ರಿಂಟ್‌ಗಳಿಗೆ ಅದನ್ನು ಕಳೆದುಕೊಳ್ಳಿ.

ಪ್ರಿಂಟ್ ಮುಗಿದ ನಂತರದ ಖರ್ಚೂ ಇದೆ. ಫೈಲಿನ ಕೊನೆಯಲ್ಲಿ `M104 S0` ಮತ್ತು `M140 S0` ಇದ್ದರೆ ನಾಜಲ್, ಬೆಡ್ ಎರಡೂ ಆರುತ್ತವೆ. ಆಮೇಲೆ ಬೋರ್ಡು, ಪರದೆ, ಫ್ಯಾನು ಸೇರಿ ಎಳೆಯುವುದು ಹತ್ತು ವಾಟ್ ಒಳಗೆ. ಎಲ್ಲಿಂದಲೋ ತಂದ ಪ್ರೊಫೈಲಿನಲ್ಲಿ ಎರಡನೆಯ ಸಾಲು ಬಿಟ್ಟುಹೋಗಿದ್ದರೆ ರಾತ್ರಿ ಮುಗಿದ ಪ್ರಿಂಟಿನ ಬೆಡ್ ಬೆಳಗಿನವರೆಗೆ 60 ಡಿಗ್ರಿಯಲ್ಲೇ ಇರುತ್ತದೆ. ಎಂಟು ಗಂಟೆಗೆ 0.45 ಯೂನಿಟ್ ಹತ್ತಿರ ಹೋಯಿತು, ಪ್ರಿಂಟಿನ ಐದರಲ್ಲಿ ಎರಡು ಪಾಲು. ಬೆಳಿಗ್ಗೆ ಬೆಡ್ ಮುಟ್ಟಿದಾಗ ಬೆಚ್ಚಗಿದ್ದರೆ ಫೈಲಿನ ಕೊನೆಯ ಸಾಲುಗಳನ್ನು ಓದಿ ನೋಡಿ.

ಮಳೆಗಾಲದಲ್ಲಿ ಇನ್ನೊಂದು ಸೇರುತ್ತದೆ. ಮಲೆನಾಡು, ಕರಾವಳಿಯ ಕಡೆ ಇರುವವರು ಫಿಲಮೆಂಟನ್ನು ಒಣಗಿಸದೆ ಬಳಸುವಂತಿಲ್ಲ. ಒಂದು ಸುರುಳಿ ಹಿಡಿಸುವ ಡ್ರೈಯರ್ ಸುಮಾರು 50 ವಾಟಿನದು, ಅದೂ ಹತ್ತಿ ಆರುತ್ತದೆ. ಸರಾಸರಿ 40 ವಾಟ್ ಎಂದರೂ ಆರು ಗಂಟೆಗೆ 0.24 ಯೂನಿಟ್, ನಿಮ್ಮ 9 ಗಂಟೆಯ ಪ್ರಿಂಟಿನ ಕಾಲು ಭಾಗ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಬೇಕು. ಕರೆಂಟ್ ಹೋದಾಗ ಮನೆಯ ಇನ್ವರ್ಟರಿನಿಂದ ಪ್ರಿಂಟರ್ ಓಡಿಸುವವರು ಆ ಗಂಟೆಗಳನ್ನು ಒಂದೂವರೆ ಪಟ್ಟು ಹಿಡಿಯಿರಿ. ಬ್ಯಾಟರಿಗೆ ತುಂಬುವಾಗಲೂ ತೆಗೆಯುವಾಗಲೂ ಸೋರಿಕೆ ಇದ್ದೇ ಇದೆ.

ಇನ್ನು ದರ. ಯೂನಿಟ್ ಲೆಕ್ಕದಲ್ಲಿ ಹತ್ತು ವಾಟ್ ಹೆಚ್ಚುಕಡಿಮೆಯಾದರೆ ಪೈಸೆಗಳ ವ್ಯತ್ಯಾಸ, ದರದಲ್ಲಿ ತಪ್ಪಿದರೆ ಲೆಕ್ಕವೇ ಬುಡಮೇಲು. ಕರ್ನಾಟಕದಲ್ಲಿ 2025-26ರ ದರಪಟ್ಟಿಯಲ್ಲಿ ಗೃಹಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು. ಅದರ ಮೇಲೆ ಶೇಕಡಾ 9 ತೆರಿಗೆ, ನೌಕರರ ಪಿಂಚಣಿ ನಿಧಿಗೆಂದು ಯೂನಿಟ್ಟಿಗೆ 36 ಪೈಸೆ, ಜೊತೆಗೆ ತಿಂಗಳಿಗೊಂದರಂತೆ ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕ. ದರಪಟ್ಟಿ ವರ್ಷ ವರ್ಷವೂ ಬದಲಾಗುತ್ತದೆ, ನಿಮ್ಮ ಕೊನೆಯ ಬಿಲ್ಲನ್ನೇ ನೋಡಿಕೊಳ್ಳಿ. ಪ್ರಿಂಟಿನ ಲೆಕ್ಕಕ್ಕೆ ಸುಮಾರು 7 ರೂಪಾಯಿ ಹಿಡಿದರೆ ಸಾಕು. ಬಿಲ್ಲಿನ ಒಟ್ಟು ಮೊತ್ತವನ್ನು ಒಟ್ಟು ಯೂನಿಟ್‌ಗಳಿಂದ ಭಾಗಿಸಿ ದರ ತೆಗೆಯಬೇಡಿ. ಆ ಮೊತ್ತದಲ್ಲಿ ಕಿಲೋವಾಟ್ ಲೆಕ್ಕದ ನಿಗದಿತ ಶುಲ್ಕವೂ ಸೇರಿದೆ. ನೀವು ಪ್ರಿಂಟ್ ಮಾಡಿದರೂ ಮಾಡದಿದ್ದರೂ ಅದನ್ನು ಕಟ್ಟಲೇಬೇಕು, ಪ್ರಿಂಟಿನ ತಲೆಗೆ ಕಟ್ಟುವುದು ನ್ಯಾಯವಲ್ಲ. 7 ರೂಪಾಯಿಯಂತೆ ನಿಮ್ಮ ಪಿಎಲ್‌ಎ ಪ್ರಿಂಟ್‌ಗೆ ಏಳೂವರೆ ರೂಪಾಯಿ. 350 ವಾಟ್ ಹಿಡಿದಿದ್ದರೆ 22 ಆಗುತ್ತಿತ್ತು.

ಗೃಹಜ್ಯೋತಿ ಇರುವ ಮನೆಯಲ್ಲಿ ಈ ಏಳೂವರೆ ರೂಪಾಯಿ ಯಾವ ಪ್ರಿಂಟಿಗೂ ನಿಜವಲ್ಲದೆ ಹೋಗಬಹುದು. ಅಲ್ಲಿ ನಿಮಗೆ ಸಿಗುವ ಉಚಿತ ಯೂನಿಟ್ 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿದಷ್ಟು. ತೀರ ಕಡಿಮೆ ಬಳಸುವ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್. ಆ ಅರ್ಹತೆಯ ಒಳಗೇ ಪ್ರಿಂಟ್ ಮುಗಿದರೆ ಖರ್ಚು ಸೊನ್ನೆ. ಅದನ್ನು ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್‌ಗಳಿಗೆ ಮಾತ್ರ ಕಟ್ಟುತ್ತೀರಿ, ಆಗ 7 ರೂಪಾಯಿ ಲೆಕ್ಕ ಸರಿ. ಆದರೆ ತಿಂಗಳ ಬಳಕೆ 200 ದಾಟಿತೋ ಇಡೀ ಬಿಲ್ಲನ್ನು ಕಟ್ಟಬೇಕು.

ತಿಂಗಳಿಗೆ 185 ಯೂನಿಟ್ ಬಳಸುವ, 190ರ ಅರ್ಹತೆಯಿರುವ, 3 ಕಿಲೋವಾಟ್ ಮಂಜೂರಾದ ಮನೆಯೊಂದನ್ನು ಹಿಡಿಯಿರಿ. ಪ್ರಿಂಟರ್ ಇಲ್ಲದಿದ್ದರೆ ಬಿಲ್ ಸೊನ್ನೆ. ಆ ತಿಂಗಳು ನಿಮ್ಮ ಅಳತೆಯ ಪ್ರಿಂಟ್ 20 ಮಾಡಿದರೆ 21 ಯೂನಿಟ್ ಸೇರಿ 206 ಆಗುತ್ತದೆ. 2025-26ರ ದರದಲ್ಲಿ 206 ಯೂನಿಟ್‌ಗೆ ಶುಲ್ಕ 1,195, ತೆರಿಗೆ 107, ಪಿಂಚಣಿ ಪಾಲು 74, ಕಿಲೋವಾಟ್‌ಗೆ 145ರಂತೆ ನಿಗದಿತ ಶುಲ್ಕ 435, ಒಟ್ಟು 1,800 ದಾಟಿತು. ಒಂದು ಪ್ರಿಂಟ್‌ಗೆ 90 ರೂಪಾಯಿ ಬಿತ್ತು, ಅದರಲ್ಲಿ ಬಳಸಿದ ಪ್ಲಾಸ್ಟಿಕ್ಕಿನಷ್ಟೇ. ಅದೇ ಮನೆಯವರು 14 ಪ್ರಿಂಟ್ ಮಾಡಿ ಉಳಿದ ಆರನ್ನು ಮುಂದಿನ ರೀಡಿಂಗ್ ಆದ ಮೇಲೆ ಮಾಡಿದ್ದರೆ 200ರ ಅಂಚಿನಲ್ಲೇ ನಿಂತು ಹತ್ತು ಯೂನಿಟ್‌ಗಳ ಹಣ ಮಾತ್ರ ಕಟ್ಟಬೇಕಾಗುತ್ತಿತ್ತು. ನಿಮ್ಮ ಮನೆಯ ಬಳಕೆ 170 ದಾಟಿದ್ದರೆ ಪ್ರಿಂಟರ್ ಪಕ್ಕದಲ್ಲಿ ಲೆಕ್ಕದ ಪುಸ್ತಕ ಇಡಿ. ರೀಡಿಂಗ್ ತೆಗೆದುಕೊಳ್ಳುವವರು ಬರುವ ದಿನಕ್ಕೆ ಒಂದು ವಾರ ಮುಂಚೆ ಮೀಟರ್ ನೋಡಿ, ಎಷ್ಟು ಯೂನಿಟ್ ಬಾಕಿ ಇದೆ ತಿಳಿದುಕೊಂಡು ಉದ್ದದ ಪ್ರಿಂಟ್ ಹಾಕಿ. ಗೃಹಜ್ಯೋತಿ ಗೃಹಬಳಕೆಗೆ ಮಾತ್ರ. ಆರ್ಡರ್ ಹಿಡಿದು ದಿನವೂ ಮಾರುವ ಮಟ್ಟಕ್ಕೆ ಹೋದರೆ ಯಾವ ದರ ಅನ್ವಯಿಸುತ್ತದೆ ಎಂದು ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಮುಂಚೆಯೇ ಕೇಳಿಕೊಳ್ಳಿ.

ಪರಿಚಯದವರಿಂದ ಎಷ್ಟು ಹಿಡಿಯಬೇಕು ಎಂದು ಕೇಳಿದ್ದೀರಿ. ಪಿಎಲ್‌ಎಗೆ ಗಂಟೆಗೆ 80 ಪೈಸೆ ಕರೆಂಟ್ ಹೋಗುತ್ತದೆ. ಹತ್ತರಲ್ಲಿ ಒಂದು ಪ್ರಿಂಟ್ ಕೆಡುತ್ತದೆ, ಡ್ರೈಯರ್ ಓಡುತ್ತದೆ ಎಂದು ಅದಕ್ಕೆ ಸೇರಿಸಿ ಗಂಟೆಗೆ 1 ರೂಪಾಯಿ ಹಿಡಿಯಿರಿ. ಎಬಿಎಸ್‌ಗೆ ಒಂದೂಮುಕ್ಕಾಲು. ಅರ್ಧ ಗಂಟೆಗಿಂತ ಚಿಕ್ಕ ಪ್ರಿಂಟ್ ಒಂದೊಂದಾಗಿ ಕೇಳಿದರೆ ಗಂಟೆ ಲೆಕ್ಕ ಬಿಟ್ಟು ಪ್ರಿಂಟಿಗೆ 1 ರೂಪಾಯಿ ಎಂದರೆ ಕಾಯಿಸುವುದೂ ಬಂತು. ನೂರು ಗ್ರಾಂ ಫಿಲಮೆಂಟ್ ಬಳಸುವ 9 ಗಂಟೆಯ ಪ್ರಿಂಟಿಗೆ ಕರೆಂಟ್ 9 ರೂಪಾಯಿಯಾದರೆ ಪ್ಲಾಸ್ಟಿಕ್ ಅದರ ಹತ್ತು ಪಟ್ಟು. ಹಣ ಹೆಚ್ಚು ಹೋಗುವುದು ಸುರುಳಿಯಲ್ಲಿ. ದರ ಕಟ್ಟುವಾಗ ಫಿಲಮೆಂಟನ್ನು ತೂಕ ಹಾಕಿ ಲೆಕ್ಕ ಹಿಡಿಯಿರಿ, ಸಪೋರ್ಟು ಮತ್ತು ಕೆಟ್ಟುಹೋದ ತುಂಡುಗಳ ಸಮೇತ.